ವರ್ಕ್ ಪ್ರೊಫೈಲ್ ಕೂರುತ್ತಿಲ್ಲವೇ? ಅದು ಯಾವ ಹಂತದಲ್ಲಿ ನಿಂತಿತು ಅಂತ ಮೊದಲು ನೋಡಿ

ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಮೂರು ವರ್ಷ ದುಬೈನಲ್ಲಿದ್ದು ಬೆಂಗಳೂರಿಗೆ ವಾಪಸ್ ಬಂದಿದ್ದಾಳೆ. ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸೇರಿ ಒಂದು ವಾರ ಆಗಿದೆ, ಆಫೀಸ್ ಮೇಲ್ ಮಾತ್ರ ಇನ್ನೂ ಫೋನಿಗೆ ಬಂದಿಲ್ಲ. ಅದಕ್ಕೆ ಬೇಕಾದ ವರ್ಕ್ ಪ್ರೊಫೈಲೇ ಕೂರುತ್ತಿಲ್ಲ.

"ಅಣ್ಣ, ಎರಡು ದಿನದಿಂದ ಹತ್ತು ಸಲ ಟ್ರೈ ಮಾಡಿದೆ. ಏನೋ ತಪ್ಪಾಗಿದೆ, ಆಮೇಲೆ ನೋಡಿ ಅಂತಲೇ ಬರುತ್ತೆ. ಫೋನ್ ರೀಸೆಟ್ ಮಾಡಿಬಿಡ್ಲಾ?"

ರೀಸೆಟ್ ಮಾತ್ರ ಮಾಡಬೇಡ, ಮನೆಗೆ ಬಾ ಅಂದೆ. ಆಫೀಸಿನ ಫೋನುಗಳನ್ನು ಜೋಡಿಸಿ ಕೊಡೋದೇ ನನ್ನ ದಿನದ ಕೆಲಸ. ಇಂಥ ಹೊತ್ತಿನಲ್ಲಿ ಜನ ಮೊದಲು ಮಾಡೋದೇ ರೀಸೆಟ್. ಅದರಿಂದ ಫೋಟೋ, ಚಾಟ್, ಬ್ಯಾಂಕ್ ಆಪ್ ಎಲ್ಲ ಹೋಗುತ್ತದೆ, ಮೂಲ ಕಾರಣ ಮಾತ್ರ ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಅವಳ ಫೋನಿನಲ್ಲಿ ಆದದ್ದು ಒಂದಲ್ಲ, ಮೂರು ತೊಂದರೆ. ಒಂದರ ಹಿಂದೆ ಇನ್ನೊಂದು ಅಡಗಿತ್ತು. ಆಪ್ ಹೇಳಿದ ಮಾತಷ್ಟನ್ನೇ ಓದಿದ್ದರೆ ಮೂರರ ಮೂಲವೂ ಸಿಗುತ್ತಿರಲಿಲ್ಲ. ಅದಕ್ಕೇ ಇದನ್ನು ಮೊದಲಿಂದ ಬಿಡಿಸಿ ಹೇಳುತ್ತೇನೆ.

ಮೊದಲು ವರ್ಕ್ ಪ್ರೊಫೈಲ್ ಅಂದರೆ ಏನು ಅಂತ ನೋಡೋಣ. ಬೆಂಗಳೂರಿನಲ್ಲಿ ಮನೆ ಓನರ್ ಕೆಳಗಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಮೇಲಿನವರ ಬಾಗಿಲು ಬೇರೆ, ಬೀಗ ಬೇರೆ, ಕರೆಂಟ್ ಮೀಟರ್ ಬೇರೆ. ಇವರ ಅಡುಗೆಮನೆಗೆ ಅವರು ಬರುವುದಿಲ್ಲ. ಆದರೆ ನೀರಿನ ಸಂಪು ಮಾತ್ರ ಇಬ್ಬರಿಗೂ ಒಂದೇ. ಆಂಡ್ರಾಯ್ಡ್ ಫೋನಿನಲ್ಲೂ ಅಷ್ಟೇ. ಆಂಡ್ರಾಯ್ಡ್ 5, ಅಂದರೆ 2014ರ ಆವೃತ್ತಿಯಿಂದ, ಒಂದೇ ಫೋನಿನೊಳಗೆ ಆಫೀಸಿಗೆ ಅಂತ ಬೇರೆಯೇ ಒಂದು ಜಾಗ ಮಾಡಲು ಬರುತ್ತದೆ. ಅದರೊಳಗಿನ ಆಪ್‌ಗಳ ಮೇಲೆ ಚಿಕ್ಕ ಬ್ರೀಫ್‌ಕೇಸ್ ಗುರುತು ಇರುತ್ತದೆ. ಆ ಮಹಡಿಯ ಬೀಗದ ಕೈ ಕಂಪನಿಯ ಹತ್ತಿರ ಇರುತ್ತದೆ. ನಿಮ್ಮ ಸ್ವಂತ ಫೋಟೋ, ವಾಟ್ಸಾಪ್ ಇರುವ ಕೆಳಗಿನ ಮನೆ ಅವರಿಗೆ ಕಾಣುವುದಿಲ್ಲ. ನೀವು ವರ್ಕ್ ಪ್ರೊಫೈಲ್ ತೆಗೆದರೆ ಮೇಲಿನ ಮಹಡಿ ಮಾತ್ರ ಖಾಲಿಯಾಗುತ್ತದೆ.

ಈ ಮಹಡಿ ಕಟ್ಟುವ ಕೆಲಸ ಮ್ಯಾನೇಜ್‌ಮೆಂಟ್ ಆಪ್‌ನದು. ಕಂಪನಿಗೆ ತಕ್ಕಂತೆ ಅದು Company Portal ಇರಬಹುದು, Android Device Policy ಇರಬಹುದು, Intelligent Hub ಇರಬಹುದು. ಹೆಸರು ಯಾವುದಾದರೂ ಕೆಲಸದ ಸಾಲು ಹೆಚ್ಚುಕಡಿಮೆ ಒಂದೇ. ಮೊದಲು ಆಫೀಸ್ ಖಾತೆಯಿಂದ ಸೈನ್ ಇನ್. ಆಮೇಲೆ ಫೋನಿನೊಳಗೆ ಪ್ರೊಫೈಲ್ ಕಟ್ಟುವುದು. ಆಮೇಲೆ ಕಂಪನಿಯ ಸರ್ವರ್‌ನಲ್ಲಿ ಈ ಫೋನಿನ ಹೆಸರು ಬರೆಸುವುದು. ಕೊನೆಗೆ ಕಂಪನಿ ಹೇಳಿದ ಆಪ್‌ಗಳು ಒಳಗೆ ಬಂದು, ನಿಯಮಗಳೆಲ್ಲ ಸರಿ ಇವೆಯಾ ಅಂತ ಪರೀಕ್ಷೆ ಆಗುವುದು.

ಪರದೆ ಮೇಲೆ ಬರುವ ಮಾತಿಗಿಂತ ಇದರಲ್ಲಿ ಯಾವ ಹಂತದಲ್ಲಿ ನಿಂತಿತು ಅನ್ನುವುದೇ ದೊಡ್ಡ ಸುಳಿವು. ಪಾಸ್‌ವರ್ಡ್ ಹಾಕಿದ ಕೂಡಲೇ ಹೊರಗೆ ತಳ್ಳಿದರೆ ಗಡಿಯಾರದ ಮೇಲೆ ಅನುಮಾನ ಪಡಿ. ಬ್ರೀಫ್‌ಕೇಸ್ ಗುರುತು ಬಂದ ಮೇಲೆ ನಿಂತರೆ ಫೋನಿನ ಖಾಲಿ ಜಾಗದ ಮೇಲೆ. "ನಿಮಗೆ ಅನುಮತಿ ಇಲ್ಲ", "ಮಿತಿ ಮುಗಿದಿದೆ" ಅನ್ನುವ ಅರ್ಥದ ಮಾತು ಬಂದರೆ ಆಫೀಸಿನ ಖಾತೆಯ ನಿಯಮದ ಮೇಲೆ. ಇದು ಯಾವಾಗಲೂ ನೂರಕ್ಕೆ ನೂರು ಸರಿ ಇರುವುದಿಲ್ಲ. ಎಲ್ಲಿ ಮೋಸ ಹೋಗುತ್ತೇವೆ ಅಂತ ಮುಂದೆ ಹೇಳುತ್ತೇನೆ. ಆದರೆ ಶುರು ಮಾಡಲು ಇಷ್ಟು ಸಾಕು.

ತಂಗಿಯ ಫೋನಿಗೆ ಬರೋಣ. ಅವಳು ಹೇಳಿದ್ದು ಹೀಗೆ: ಪಾಸ್‌ವರ್ಡ್ ಸರಿ ಹೋಗುತ್ತದೆ. ಆಮೇಲೆ ಆಥೆಂಟಿಕೇಟರ್ ಆಪ್‌ನ ಆರು ಅಂಕಿಯ ಕೋಡ್ ಕೇಳುತ್ತದೆ. ಅದನ್ನು ಹಾಕಿದರೆ ತಪ್ಪು ಅನ್ನುತ್ತದೆ. ಬೇಸತ್ತು ಎಸ್ಸೆಮ್ಮೆಸ್ ಕೋಡ್ ತರಿಸಿದ್ದಾಳೆ. ಅದು ಸರಿ ಹೋಗಿದೆ. ಒಂದೆರಡು ಕ್ಷಣ ಚಕ್ರ ಸುತ್ತಿ, "ಏನೋ ತಪ್ಪಾಗಿದೆ" ಅಂತ ಮತ್ತೆ ಮೊದಲಿನ ಪರದೆಗೇ ಬಂದಿದೆ. ಶನಿವಾರ ಇದೇ ಖಾತೆಯನ್ನು ತಮ್ಮನ ಫೋನಿನಲ್ಲಿ ಎಸ್ಸೆಮ್ಮೆಸ್ ಕೋಡ್ ಹಾಕಿ ನೋಡಿದ್ದಾಳೆ. ಅಲ್ಲಿ ಪೂರ್ತಿ ಕೂತಿದೆ. ಅವನ ಫೋನಿನಲ್ಲಿ ಇಟ್ಟುಕೊಂಡು ಏನು ಮಾಡೋದು ಅಂತ ತೆಗೆದುಬಿಟ್ಟಿದ್ದಾಳೆ.

ಇದರಲ್ಲಿ ಎರಡು ಸುಳಿವು ಇದ್ದವು. ತಮ್ಮನ ಫೋನಿನಲ್ಲಿ ಕೂತಿತು ಅಂದರೆ ಖಾತೆ ಸರಿ ಇದೆ, ಕಂಪನಿ ಅನುಮತಿ ಕೊಟ್ಟಿದೆ. ತೊಂದರೆ ಇವಳ ಫೋನಿನಲ್ಲಿದೆ. ಎರಡನೆಯದು ಇನ್ನೂ ಚುರುಕಾದ ಸುಳಿವು. ಎಸ್ಸೆಮ್ಮೆಸ್ ಕೋಡ್ ಸರ್ವರ್‌ನಿಂದ ಬರುತ್ತದೆ. ಆಥೆಂಟಿಕೇಟರ್ ಕೋಡ್ ಫೋನಿನೊಳಗೇ ಹುಟ್ಟುತ್ತದೆ, ಫೋನಿನ ಗಡಿಯಾರ ನೋಡಿಕೊಂಡು ಹುಟ್ಟುತ್ತದೆ. ಸರ್ವರ್ ಕೋಡ್ ಸರಿ, ಫೋನ್ ಕೋಡ್ ತಪ್ಪು ಅಂದರೆ ಗಡಿಯಾರವನ್ನು ನೋಡಲೇಬೇಕು.

ಫೋನ್ ನೋಡಿದೆ. ಬೆಳಿಗ್ಗೆ 10:20. ನನ್ನ ಗೋಡೆ ಗಡಿಯಾರದಲ್ಲೂ 10:20. "ಟೈಮ್ ಸರಿಯಾಗೇ ಇದೆಯಲ್ಲ ಅಣ್ಣ" ಅಂದಳು.

ಪರದೆ ಮೇಲಿನ ಸಮಯ ಸರಿ ಇದ್ದರೆ ಒಳಗಿನ ಸಮಯವೂ ಸರಿ ಇರಬೇಕು ಅಂತ ಇಲ್ಲ. ಬಹಳ ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫೋನ್ ತನ್ನೊಳಗೆ ಇಟ್ಟುಕೊಳ್ಳುವುದು ಭಾರತದ ಸಮಯವನ್ನಲ್ಲ. ಇಡೀ ಜಗತ್ತಿಗೆ ಒಂದೇ ಆದ ಯುಟಿಸಿ ಸಮಯವನ್ನು. ಅದಕ್ಕೆ ಟೈಮ್ ಝೋನ್ ಕೂಡಿಸಿ ನಮಗೆ ತೋರಿಸುತ್ತದೆ. ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ದುಬೈ ನಾಲ್ಕು ಗಂಟೆ ಮುಂದೆ.

ತಂಗಿ ದುಬೈನಲ್ಲಿದ್ದಾಗ ಟೈಮ್ ಝೋನನ್ನು ಕೈಯಿಂದ ದುಬೈಗೆ ಇಟ್ಟಿದ್ದಳು. ಇಲ್ಲಿ ಇಳಿದಾಗ ಅದು ಬದಲಾಗಲಿಲ್ಲ. ಫೋನ್ ಒಂದೂವರೆ ಗಂಟೆ ಹಿಂದೆ ತೋರಿಸುತ್ತಿತ್ತು. ಅವಳು ಝೋನ್ ಬದಲಿಸುವ ಬದಲು Set time automatically ಆಫ್ ಮಾಡಿ, ಸಮಯವನ್ನೇ ಕೈಯಿಂದ ಒಂದೂವರೆ ಗಂಟೆ ಮುಂದೆ ತಳ್ಳಿದ್ದಾಳೆ. ಕಣ್ಣಿಗೆ ಸರಿ ಆಯಿತು. ಒಳಗೆ ಏನಾಯಿತು? 10:20ರಲ್ಲಿ ದುಬೈನ ನಾಲ್ಕು ಗಂಟೆ ಕಳೆದರೆ 6:20. ನಿಜವಾದ ಯುಟಿಸಿ ಸಮಯ 10:20ರಲ್ಲಿ ಐದೂವರೆ ಗಂಟೆ ಕಳೆದರೆ ಬರುವ 4:50. ಫೋನಿನ ಒಳಗಿನ ಗಡಿಯಾರ ಪೂರಾ 90 ನಿಮಿಷ ಮುಂದೆ ಓಡುತ್ತಿತ್ತು.

ಆಥೆಂಟಿಕೇಟರ್ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೆ ಒಮ್ಮೆ ಬದಲಾಗುತ್ತದೆ. 90 ನಿಮಿಷ ಅಂದರೆ 180 ಕೋಡ್. ಇವಳ ಫೋನ್ ತೋರಿಸುತ್ತಿದ್ದುದು ಈಗಿನ ಕೋಡ್ ಅಲ್ಲ, 180ರ ಆಚೆಯ ಕೋಡ್. ಸರ್ವರ್ ಹಿಂದೆ ಮುಂದೆ ಒಂದೆರಡು ಕೋಡನ್ನು ಒಪ್ಪೀತು, ಅಷ್ಟು ದೂರದ್ದನ್ನು ಒಪ್ಪುವುದಿಲ್ಲ.

ಎಸ್ಸೆಮ್ಮೆಸ್ ಕೋಡ್ ಹಾಕಿದ ಮೇಲೂ ಯಾಕೆ ನಿಂತಿತು? ಸೈನ್ ಇನ್ ಆದ ಕೂಡಲೇ ಸರ್ವರ್ ಒಂದು ಟೋಕನ್ ಕೊಡುತ್ತದೆ. ಬಸ್ಸಿನ ಡೇ ಪಾಸ್ ಇದ್ದಹಾಗೆ, ಅದರ ಮೇಲೆ ಎಷ್ಟು ಹೊತ್ತಿನವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ. ಅನೇಕ ಕಡೆ ಆ ಆಯುಸ್ಸು ಸುಮಾರು ಒಂದು ಗಂಟೆ. 90 ನಿಮಿಷ ಮುಂದಿರುವ ಫೋನು ತನ್ನ ಗಡಿಯಾರ ನೋಡಿಕೊಂಡು, ಈ ಪಾಸು ಕೈಗೆ ಬರುವ ಮೊದಲೇ ಮುಗಿದಿದೆ ಅಂದುಕೊಳ್ಳುತ್ತದೆ. ಆಪ್ ನಿಲ್ಲುತ್ತದೆ. ಗಡಿಯಾರ ಹಿಂದೆ ಇದ್ದರೂ ತೊಂದರೆಯೇ. ಸಿಂಗಪುರದಿಂದ ಬಂದವರು ಇದೇ ತಪ್ಪು ಮಾಡಿದರೆ ಎರಡೂವರೆ ಗಂಟೆ ಹಿಂದೆ ಬೀಳುತ್ತಾರೆ. ಆಗ ಗುರುತಿಗೆ ಅಂತ ಸರ್ವರ್ ಈಗಷ್ಟೇ ಕೊಟ್ಟ ಸರ್ಟಿಫಿಕೇಟಿನ ಅವಧಿ ಫೋನಿನ ಲೆಕ್ಕದಲ್ಲಿ ಇನ್ನೂ ಶುರುವೇ ಆಗಿರುವುದಿಲ್ಲ.

"ಮತ್ತೆ ಯೂಟ್ಯೂಬ್, ಬ್ಯಾಂಕ್ ಎಲ್ಲ ಓಡ್ತಿತ್ತಲ್ಲ?" ಅಂತ ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ. ವೆಬ್‌ಸೈಟುಗಳ ಸರ್ಟಿಫಿಕೇಟ್ ತಿಂಗಳುಗಟ್ಟಲೆ ನಡೆಯುತ್ತದೆ. ಅದಕ್ಕೆ ಒಂದೂವರೆ ಗಂಟೆ ಲೆಕ್ಕಕ್ಕಿಲ್ಲ. ತಾರೀಖೇ ಎಷ್ಟೋ ತಿಂಗಳು ತಪ್ಪಿದ್ದರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಬ್ಯಾಟರಿ ಪೂರ್ತಿ ಸತ್ತು ಡ್ರಾಯರ್‌ನಲ್ಲಿ ಬಿದ್ದಿದ್ದ ಫೋನಿನಲ್ಲಿ ಹಾಗೆ ಆಗುತ್ತದೆ. ಒಂದೆರಡು ಗಂಟೆಯ ತಪ್ಪು ಹಾಗಲ್ಲ. ಉಳಿದದ್ದೆಲ್ಲ ಸರಿ ಇರುತ್ತದೆ, ಎನ್‌ರೋಲ್‌ಮೆಂಟ್, ಅಂದರೆ ಫೋನನ್ನು ಕಂಪನಿಗೆ ಸೇರಿಸುವ ಈ ಕೆಲಸ ಮಾತ್ರ ಕೆಡುತ್ತದೆ.

ಹಾಗಾಗಿ ಗಡಿಯಾರ ನೋಡಬೇಡಿ, ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯದ ಪುಟ ತೆಗೆಯಿರಿ. ಅಲ್ಲಿ ಎರಡು ಸ್ವಿಚ್ ಇರುತ್ತವೆ. ಒಂದು ಸಮಯಕ್ಕೆ, ಇನ್ನೊಂದು ಟೈಮ್ ಝೋನ್‌ಗೆ. ಎರಡೂ ಆನ್ ಇರಬೇಕು. ಝೋನ್ ಅನ್ನುವ ಸಾಲಿನಲ್ಲಿ GMT+05:30 ಅಂತ ಇರಬೇಕು. ತಂಗಿಯ ಫೋನಿನಲ್ಲಿ GMT+04:00 ಅಂತ ಇತ್ತು. ಎರಡೂ ಸ್ವಿಚ್ ಆನ್ ಮಾಡಿದಾಗ ಒಂದು ವಿಚಿತ್ರ: ಪರದೆಯ ಸಮಯ 10 ಗಂಟೆ 20ರ ಆಸುಪಾಸಿನಲ್ಲೇ ಇತ್ತು, ಅಲ್ಲಾಡಲೇ ಇಲ್ಲ. ಒಳಗಿನ ಗಡಿಯಾರ 90 ನಿಮಿಷ ಹಿಂದೆ ಬಂತು, ಝೋನ್ 90 ನಿಮಿಷ ಮುಂದೆ ಹೋಯಿತು. ಒಂದಕ್ಕೊಂದು ಸರಿಹೋಯಿತು. ಏನೂ ಬದಲಾಗಲಿಲ್ಲ ಅಂತ ಕೈಬಿಡಬೇಡಿ, ಒಳಗೆ ಬದಲಾಗಿರುತ್ತದೆ. ಆಥೆಂಟಿಕೇಟರ್ ಕೋಡ್ ಈಗ ಹಾಕಿದೆವು, ಮೊದಲ ಸಲಕ್ಕೇ ಒಪ್ಪಿತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಗಡಿಯಾರ ಸರಿಯಾದ ಖುಷಿಯಲ್ಲಿ ಜಾಗ ನೋಡದೆ ಮುಂದೆ ಹೋದೆ. ಪ್ರೊಫೈಲ್ ಕಟ್ಟಿತು. ಬ್ರೀಫ್‌ಕೇಸ್ ಗುರುತು ಬಂತು. ಸರ್ವರ್‌ನಲ್ಲಿ ಹೆಸರು ಬರೆಯಿತು. ಕಂಪನಿ ಆರು ಆಪ್ ಕಳಿಸುತ್ತದೆ: ಮೇಲ್, ಚಾಟ್, ಬ್ರೌಸರ್, ಇನ್ನು ಮೂರು. ಎರಡು ಬಂದವು. ನಾಲ್ಕು "ಬಾಕಿ" ಅಂತ ನಿಂತವು. ಹತ್ತು ನಿಮಿಷ ಕಾದ ಮೇಲೆ ಮ್ಯಾನೇಜ್‌ಮೆಂಟ್ ಆಪ್ ಹೇಳಿದ್ದು, ಈ ಫೋನ್ ಕಂಪನಿಯ ನಿಯಮಕ್ಕೆ ತಕ್ಕಂತೆ ಇಲ್ಲ ಅಂತ.

ಮೋಸ ಹೋಗುವುದು ಇಲ್ಲೇ. ಓದಿದರೆ ನಿಯಮದ ತೊಂದರೆ ಅನಿಸುತ್ತದೆ, ಆಫೀಸಿಗೆ ದೂರು ಕೊಡೋಣ ಅನಿಸುತ್ತದೆ. ಆದರೆ ನಿಯಮ ಏನು ಕೇಳುತ್ತಿತ್ತು? ಬೇಕಾದ ಆಪ್‌ಗಳು ಇರಬೇಕು ಅಂತ. ಅವು ಯಾಕೆ ಬಂದಿಲ್ಲ? ಇಳಿಯಲು ಜಾಗ ಇಲ್ಲ. ಕೊನೆಯ ಮಾತಷ್ಟನ್ನೇ ಓದಿದರೆ ಅದರ ಹಿಂದಿನ ಕಾರಣ ಕಾಣುವುದಿಲ್ಲ.

ಅವಳದು 64 ಜಿಬಿ ಫೋನು. ಖಾಲಿ ಇದ್ದದ್ದು 1.1 ಜಿಬಿ. "ಒಂದು ಜಿಬಿ ಇದೆಯಲ್ಲ, ನಾಲ್ಕು ಆಪ್‌ಗೆ ಸಾಲಲ್ವಾ?" ಅಂದಳು. ಸಾಲದು. ಆಂಡ್ರಾಯ್ಡ್ ಕೊನೆಯ ಹನಿಯವರೆಗೆ ಜಾಗ ಕೊಡುವುದಿಲ್ಲ. ಸಾಮಾನ್ಯವಾಗಿ ಒಟ್ಟು ಜಾಗದ ನೂರರಲ್ಲಿ 5 ಭಾಗ ಅಥವಾ 500 ಎಂಬಿ, ಎರಡರಲ್ಲಿ ಕಡಿಮೆ ಇರುವಷ್ಟನ್ನು ತನ್ನ ಉಸಿರಾಟಕ್ಕೆ ಅಂತ ಉಳಿಸಿಕೊಳ್ಳುತ್ತದೆ. ಅದರ ಕೆಳಗೆ ಇಳಿಯುವಂತಿದ್ದರೆ ಹೊಸ ಆಪ್ ಹಾಕಲು ಒಪ್ಪುವುದಿಲ್ಲ. ಅಂದರೆ ಇವಳ ಕೈಗೆ ಸಿಗುವುದು 600 ಎಂಬಿ ಮಾತ್ರ. ಇನ್ನು ಆಪ್ ಇಳಿಯುವಾಗ ಡೌನ್‌ಲೋಡ್ ಆದ ಕಡತಕ್ಕೂ ಜಾಗ ಬೇಕು, ಅದನ್ನು ಬಿಚ್ಚಿ ಕೂರಿಸಲೂ ಜಾಗ ಬೇಕು. ಪ್ಲೇ ಸ್ಟೋರ್‌ನಲ್ಲಿ 100 ಎಂಬಿ ಅಂತ ಬರೆದಿದ್ದರೆ ಕೂರುವ ಹೊತ್ತಿಗೆ ಅದಕ್ಕಿಂತ ಬಹಳ ಜಾಸ್ತಿ ಬೇಕಾಗುತ್ತದೆ.

ಸಂಪಿನ ಮಾತು ಇಲ್ಲಿಗೆ ಬರುತ್ತದೆ. ಮೇಲಿನ ಮಹಡಿಗೆ ಬೇರೆ ಸಂಪು ಇಲ್ಲ. ವರ್ಕ್ ಪ್ರೊಫೈಲ್ ಖಾಲಿ ಇದ್ದರೂ ಸ್ವಲ್ಪ ನೀರು ಕುಡಿಯುತ್ತದೆ. ಯಾಕೆಂದರೆ ಪ್ಲೇ ಸರ್ವಿಸಸ್, ಕಾಂಟ್ಯಾಕ್ಟ್ಸ್ ಇಂಥವು ಅಲ್ಲಿಗೂ ತಮ್ಮದೇ ಡೇಟಾ ಬೇರೆಯಾಗಿ ಇಟ್ಟುಕೊಳ್ಳುತ್ತವೆ. ಒಂದು ಅನುಕೂಲವೂ ಉಂಟು. ಒಂದೇ ಆಪ್ ಎರಡೂ ಕಡೆ ಇದ್ದರೆ ಆಪ್‌ನ ಮೂಲ ಕಡತ ಫೋನಿನಲ್ಲಿ ಒಂದೇ ಇರುತ್ತದೆ. ಅದರ ಡೇಟಾ ಮಾತ್ರ ಎರಡು. ಎಲ್ಲ ಸೇರಿ ನನ್ನ ಅಳತೆ ಇದು: ಶುರು ಮಾಡುವ ಮೊದಲು ಕನಿಷ್ಠ 3ರಿಂದ 4 ಜಿಬಿ ಖಾಲಿ ಇರಲಿ. ಮೇಲ್ ಮತ್ತು ಚಾಟ್ ಒಂದು ವಾರದಲ್ಲೇ ಬೆಳೆಯುತ್ತವೆ.

ಜಾಗ ತಿಂದಿದ್ದು ಯಾವುದು ಅಂತ ನೋಡಿದರೆ ಫ್ಯಾಮಿಲಿ ಗ್ರೂಪಿನ ವಿಡಿಯೋಗಳು. ದುಬೈನಲ್ಲಿದ್ದಾಗ ಊರಿನ ಮದುವೆ, ನಾಮಕರಣ, ಹಬ್ಬ ಎಲ್ಲವನ್ನೂ ಚಿಕ್ಕಮ್ಮ ಕಳಿಸಿದ್ದರು. ಬೇಕಾದವನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡು, ಗ್ಯಾಲರಿಯಿಂದ 7 ಜಿಬಿ ಅಳಿಸಿದಳು. ಮತ್ತೆ ನೋಡಿದರೆ ಖಾಲಿ ಜಾಗ ಅದೇ 1.1 ಜಿಬಿ. ಅವಳ ಮುಖ ಸಪ್ಪಗಾಯಿತು. ಗ್ಯಾಲರಿ ಅಳಿಸಿದ್ದನ್ನು ನಿಜವಾಗಿ ಅಳಿಸಿರುವುದಿಲ್ಲ, ಟ್ರ್ಯಾಶ್‌ಗೆ ಹಾಕಿರುತ್ತದೆ. ಅಲ್ಲಿ ಅದು ದಿನಗಟ್ಟಲೆ ಕೂತಿರುತ್ತದೆ, ಬಹಳ ಫೋನುಗಳಲ್ಲಿ 30 ದಿನ. ಟ್ರ್ಯಾಶ್ ಖಾಲಿ ಮಾಡಿದ ಮೇಲೆ 8 ಜಿಬಿ ಬಂತು.

ಕಂಪ್ಯೂಟರಿಗೆ ಫೋನ್ ಸಿಕ್ಕಿಸಿ ನೋಡುವ ಅಭ್ಯಾಸ ಇದ್ದವರಿಗೆ ಮೂರು ಸಾಲು ಸಾಕು:

```
adb shell date -u
adb shell df -h /data
adb shell pm list users
```

ಮೊದಲನೆಯದು ಒಳಗಿನ ಯುಟಿಸಿ ಸಮಯವನ್ನು ಝೋನಿನ ಮುಸುಕಿಲ್ಲದೆ ತೋರಿಸುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಿಮ್ಮ ಗೋಡೆ ಗಡಿಯಾರದ ಸಮಯ ಬರಬೇಕು. ಎರಡನೆಯದರಲ್ಲಿ Avail ಅನ್ನುವ ಕಾಲಂ ನೋಡಿ, ಅದೇ ನಿಜವಾದ ಖಾಲಿ ಜಾಗ. ಮೂರನೆಯದು ಫೋನಿನೊಳಗೆ ಎಷ್ಟು ಮನೆಗಳಿವೆ ಅಂತ ಪಟ್ಟಿ ಕೊಡುತ್ತದೆ. 0 ಅಂದರೆ ನೀವು. ವರ್ಕ್ ಪ್ರೊಫೈಲ್‌ಗೆ ಸಾಮಾನ್ಯವಾಗಿ 10 ಅಥವಾ ಅದರ ನಂತರದ ಸಂಖ್ಯೆ ಬರುತ್ತದೆ.

ಆ ಮೂರನೆಯ ಸಾಲಿನ ಬಗ್ಗೆ ಒಂದು ಮಾತು. ಬಾಡಿಗೆಗೆ ಇರುವುದು ಒಂದೇ ಮಹಡಿ. ಸಾಮಾನ್ಯವಾಗಿ ಒಂದು ಫೋನಿನಲ್ಲಿ ಒಂದೇ ವರ್ಕ್ ಪ್ರೊಫೈಲ್ ಇರಲು ಸಾಧ್ಯ. ಹಳೆಯ ಕಂಪನಿಯದು ಇನ್ನೂ ಉಳಿದಿದ್ದರೆ ಹೊಸದು ಕೂರುವುದಿಲ್ಲ. Shelter, Island ಅನ್ನುವ ಆಪ್‌ಗಳಿವೆ, ಎರಡನೇ ವಾಟ್ಸಾಪ್ ಇಟ್ಟುಕೊಳ್ಳಲು ಕೆಲವರು ಹಾಕಿಕೊಂಡಿರುತ್ತಾರೆ. ಅವು ಒಳಗೊಳಗೇ ಬಳಸುವುದು ಇದೇ ವರ್ಕ್ ಪ್ರೊಫೈಲ್‌ನ ಜಾಗವನ್ನು. ಬಳಸುವವರಿಗೆ ಅದು ಗೊತ್ತೇ ಇರುವುದಿಲ್ಲ. ನಾನು ಒಂದು ಫೋನಿನ ಹಿಂದೆ ಅರ್ಧ ದಿನ ಕಳೆದಿದ್ದೇನೆ, ಕೊನೆಗೆ ಸಿಕ್ಕಿದ್ದು ಇದೇ. ಕಂಪ್ಯೂಟರ್ ಇಲ್ಲದವರು ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ಪುಟ ತೆಗೆದರೆ ಸಾಕು. ಅಲ್ಲಿ Work ಅಂತ ಬೇರೆ ಭಾಗ ಇದೆ ಅಂದರೆ ಮಹಡಿ ಖಾಲಿ ಇಲ್ಲ ಅಂತಲೇ ಅರ್ಥ. ತೆಗೆಯುವ ಮೊದಲು ಅದರೊಳಗೆ ಬೇಕಾದದ್ದು ಇದೆಯಾ ನೋಡಿಕೊಳ್ಳಿ, ಪ್ರೊಫೈಲ್ ಜೊತೆ ಅದರ ಡೇಟಾ ಎಲ್ಲ ಹೋಗುತ್ತದೆ.

ಜಾಗ ಆಯಿತು. ಅರ್ಧ ಕೂತಿದ್ದ ಪ್ರೊಫೈಲ್ ತೆಗೆದು ಹೊಸದಾಗಿ ಶುರು ಮಾಡಿದೆವು. ಸೈನ್ ಇನ್ ಸರಿ. ಕೋಡ್ ಸರಿ. ಪ್ರೊಫೈಲ್ ಸರಿ. ಸರ್ವರ್‌ನಲ್ಲಿ ಹೆಸರು ಬರೆಸುವ ಹಂತದಲ್ಲಿ ನಿಂತಿತು. ಈ ಸಲದ ಮಾತು ಸ್ಪಷ್ಟ ಇತ್ತು: ನಿಮಗೆ ಕೊಟ್ಟ ಫೋನುಗಳ ಮಿತಿ ಮುಗಿದಿದೆ.

"ಒಂದು ಫೋನೂ ಕೂತಿಲ್ಲ, ಮಿತಿ ಹೇಗೆ ಮುಗಿಯಿತು?" ಅಂದಳು. ಲೆಕ್ಕ ಹಾಕಿದೆವು. ಒಬ್ಬರಿಗೆ ಎಷ್ಟು ಫೋನ್ ಅಂತ ಪ್ರತಿ ಕಂಪನಿ ಒಂದು ಸಂಖ್ಯೆ ಇಟ್ಟಿರುತ್ತದೆ. ಕೆಲವು ಕಡೆ ಧಾರಾಳ, ಇವರಲ್ಲಿ ಎರಡು. ಶನಿವಾರ ತಮ್ಮನ ಫೋನಿನಲ್ಲಿ ಪೂರ್ತಿ ಕೂತಿತ್ತಲ್ಲ, ಅದು ಒಂದು. ಭಾನುವಾರ ನಾನು ಜಾಗ ನೋಡದೆ ಹೋದಾಗ ಸರ್ವರ್‌ನಲ್ಲಿ ಹೆಸರು ಬರೆಯಿತಲ್ಲ, ಅದು ಎರಡು. ಫೋನಿನಿಂದ ಪ್ರೊಫೈಲ್ ತೆಗೆದೆವು ನಿಜ. ಆದರೆ ಸರ್ವರ್‌ನ ಪುಸ್ತಕದಲ್ಲಿ ಬರೆದ ಸಾಲು ಕೂಡಲೇ ಅಳಿಯಬೇಕು ಅಂತೇನಿಲ್ಲ. ಬಾಡಿಗೆದಾರರು ಹೋದರೂ ಗೇಟಿನ ಮೇಲೆ ಅವರ ಹೆಸರಿನ ಬೋರ್ಡ್ ಉಳಿದ ಹಾಗೆ.

ಅದೇ ಫೋನು ಅಂತ ಸರ್ವರ್‌ಗೆ ಗೊತ್ತಾಗುವುದಿಲ್ಲವಾ ಅಂತ ನೀವು ಕೇಳಬಹುದು. ಆಂಡ್ರಾಯ್ಡ್ 12ರಿಂದ, ಸ್ವಂತ ಫೋನಿನ ವರ್ಕ್ ಪ್ರೊಫೈಲ್‌ಗೆ ಫೋನಿನ ಐಎಂಇಐ ಮತ್ತು ಸೀರಿಯಲ್ ನಂಬರ್ ಓದಲು ಬಿಡುವುದಿಲ್ಲ. ನಮ್ಮ ಗುಟ್ಟು ಕಾಯಲು ಮಾಡಿದ ಒಳ್ಳೆಯ ಏರ್ಪಾಡು ಅದು. ಅದರ ಬದಲು ಆ ಕಂಪನಿಗೆ ಮಾತ್ರ ಅನ್ವಯಿಸುವ ಒಂದು ಗುರುತು ಸಂಖ್ಯೆ ಕೊಡುತ್ತದೆ. ಅದರಿಂದ ಹಳೆಯ ಫೋನನ್ನು ಗುರುತಿಸಬಹುದು. ಆದರೆ ಗುರುತಿಸಿ ಹಳೆಯ ಸಾಲನ್ನು ತಾನೇ ತೆಗೆಯಬೇಕು ಅಂತ ಸರ್ವರ್‌ಗೆ ಕಡ್ಡಾಯವಿಲ್ಲ.

ಹಾಗಾಗಿ ಸುಮ್ನೆ ಮತ್ತೆ ಮತ್ತೆ ಒತ್ತುವುದು ನಷ್ಟದ ಕೆಲಸ. ಸೈನ್ ಇನ್‌ನಲ್ಲೇ ನಿಂತ ಹತ್ತು ಪ್ರಯತ್ನಕ್ಕೆ ಲೆಕ್ಕ ಇಲ್ಲ. ಹೆಸರು ಬರೆಸಿದ ಮೇಲೆ ಕೆಟ್ಟ ಒಂದೇ ಪ್ರಯತ್ನಕ್ಕೆ ಲೆಕ್ಕ ಇದೆ. ನಾನು ಗಡಿಯಾರದ ಜೊತೆಗೇ ಜಾಗವನ್ನೂ ನೋಡಿದ್ದರೆ ಆ ಎರಡನೇ ಸಾಲು ಬೀಳುತ್ತಿರಲಿಲ್ಲ, ಭಾನುವಾರವೇ ಕೆಲಸ ಮುಗಿಯುತ್ತಿತ್ತು. ಫೋನಿನಲ್ಲಿ ನೋಡಬೇಕಾದದ್ದನ್ನೆಲ್ಲ ಮೊದಲು ನೋಡಿ, ಆಮೇಲೆ ಒಂದೇ ಸಲ ಒತ್ತಿ.

ಈಗ ಉಳಿದದ್ದು ಖಾತೆಯ ನಿಯಮ. ಇದನ್ನು ಫೋನಿನ ಕಡೆಯಿಂದ ಯಾರೂ ಸರಿಮಾಡಲಾಗುವುದಿಲ್ಲ. ಮಿತಿ ಮುಗಿದದ್ದು ಒಂದು ಬಗೆ. ಸ್ವಂತ ಫೋನಿಗೆ ಅವಕಾಶವೇ ಇಲ್ಲ ಅನ್ನುವ ಕಂಪನಿಗಳಿವೆ. ಹೊಸದಾಗಿ ಸೇರಿದವರನ್ನು ಮೊಬೈಲ್ ಬಳಸುವವರ ಗುಂಪಿಗೆ ಇನ್ನೂ ಸೇರಿಸಿರುವುದಿಲ್ಲ, ಇದು ಮೊದಲ ವಾರದಲ್ಲಿ ಬಹಳ ಸಾಮಾನ್ಯ. ಇಲ್ಲವೇ ಅವರ ಹೆಸರಿಗೆ ಲೈಸೆನ್ಸ್ ಹಾಕಿರುವುದಿಲ್ಲ. ಇನ್ನು ಕೆಲವು ಕಡೆ ಆಂಡ್ರಾಯ್ಡ್ ಇಂಥ ಆವೃತ್ತಿಗಿಂತ ಹಳೆಯದಿರಬಾರದು, ಸೆಕ್ಯುರಿಟಿ ಪ್ಯಾಚ್ ಇಷ್ಟು ತಿಂಗಳಿಗಿಂತ ಹಳೆಯದಿರಬಾರದು ಅಂತ ಇಟ್ಟಿರುತ್ತಾರೆ. ಈ ಕೊನೆಯದನ್ನು ಮಾತ್ರ ನೀವು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡಬಹುದು. ಉಳಿದದ್ದಕ್ಕೆ ಆಫೀಸಿನ ಐಟಿಯವರೇ ಬೇಕು.

ಅವರಿಗೆ "ಆಪ್ ವರ್ಕ್ ಆಗ್ತಿಲ್ಲ" ಅಂತ ಬರೆದರೆ ಅವರು ತಿರುಗಿ ಕೇಳುವುದು "ಫೋನ್ ರೀಸ್ಟಾರ್ಟ್ ಮಾಡಿದ್ರಾ?" ಅಂತ. ಅವರನ್ನು ದೂರಿ ಪ್ರಯೋಜನವಿಲ್ಲ, ಅವರ ಕೈಗೆ ಬೇರೇನೂ ಸಿಕ್ಕಿರುವುದಿಲ್ಲ. ತಂಗಿಯ ಕೈಲಿ ನಾನು ಬರೆಸಿದ ಮೇಲ್ ಹೀಗಿತ್ತು:

"ಸರ್, ಭಾನುವಾರ ಮಧ್ಯಾಹ್ನ 12:40ಕ್ಕೆ ವರ್ಕ್ ಪ್ರೊಫೈಲ್ ಹಾಕುವಾಗ, ಪ್ರೊಫೈಲ್ ಆದ ಮೇಲೆ, ಫೋನ್ ನೋಂದಾಯಿಸುವ ಹಂತದಲ್ಲಿ ಮಿತಿ ಮುಗಿದಿದೆ ಅಂತ ಬಂತು. ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಶನಿವಾರ ನನ್ನ ತಮ್ಮನ ಫೋನಿನಲ್ಲಿ ಒಮ್ಮೆ, ಭಾನುವಾರ ನನ್ನ ಫೋನಿನಲ್ಲಿ ಒಮ್ಮೆ ನೋಂದಣಿ ಆಗಿ, ಎರಡನ್ನೂ ಫೋನಿನಿಂದ ತೆಗೆದಿದ್ದೇನೆ. ನನ್ನ ಹೆಸರಲ್ಲಿ ಆ ಎರಡು ಹಳೆಯ ದಾಖಲೆ ಉಳಿದಿದ್ದರೆ ದಯವಿಟ್ಟು ತೆಗೆಯಿರಿ. ದಿನಾಂಕ, ಟೈಮ್ ಝೋನ್ ಆಟೋಮ್ಯಾಟಿಕ್ ಇದೆ. 8 ಜಿಬಿ ಖಾಲಿ ಇದೆ. ಬೇರೆ ವರ್ಕ್ ಪ್ರೊಫೈಲ್ ಇಲ್ಲ."

ಕೆಳಗೆ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಸೆಕ್ಯುರಿಟಿ ಪ್ಯಾಚ್ ತಾರೀಖು ಮತ್ತು ಆಫೀಸಿನ ಮೇಲ್ ಐಡಿ. ಮ್ಯಾನೇಜ್‌ಮೆಂಟ್ ಆಪ್‌ನ ಸಹಾಯದ ಪುಟದಿಂದ ಲಾಗ್ ಕಳಿಸಿದರೆ ಎಷ್ಟೋ ಸಲ ಒಂದು ಗುರುತು ಸಂಖ್ಯೆ ಸಿಗುತ್ತದೆ, ಅದನ್ನೂ ಸೇರಿಸಿದೆವು. ಸಮಯವನ್ನು ನಿಮಿಷದ ಮಟ್ಟಕ್ಕೆ ಬರೆಯುವುದು ಮುಖ್ಯ. ಸರ್ವರ್‌ನ ಲಾಗ್‌ನಲ್ಲಿ ಅವರು ಹುಡುಕುವುದೇ ಸಮಯ ಹಿಡಿದು. ಪಾಸ್‌ವರ್ಡ್ ಮತ್ತು ಕೋಡ್ ಮಾತ್ರ ಯಾರಿಗೂ, ಐಟಿಯವರಿಗೂ, ಬರೆಯಬೇಡಿ. ಅದು ಅವರಿಗೆ ಬೇಕಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಉತ್ತರ ಬಂತು. ಅವಳ ಹೆಸರಲ್ಲಿ ಎರಡು ಸಾಲು ಇದ್ದವು, ಎರಡನ್ನೂ ತೆಗೆದಿದ್ದೇವೆ, ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ ಅಂತ. ಹತ್ತೂ ಮುಕ್ಕಾಲಿಗೆ ಒಂದು ಸಲ ಒತ್ತಿದಳು. ಹನ್ನೊಂದರ ಹೊತ್ತಿಗೆ ಆರೂ ಆಪ್ ಬಂದಿದ್ದವು.

ಸಂಜೆ ಮತ್ತೆ ಫೋನ್ ಮಾಡಿದಳು. ಮೇಲ್ ಬರುತ್ತಿದೆ, ಆದರೆ ಫೋನಿನ ಒಂದು ಸೆಟ್ಟಿಂಗ್ ನಿಯಮಕ್ಕೆ ತಕ್ಕಂತೆ ಇಲ್ಲ ಅಂತ ಹಳದಿ ಎಚ್ಚರಿಕೆ ಇದೆ ಅಂತ. ಅದು ನಾನು ಭಾನುವಾರ ಆ ಮೂರು ಸಾಲು ಓಡಿಸಲು ಆನ್ ಮಾಡಿದ್ದ ಯುಎಸ್‌ಬಿ ಡೀಬಗ್ಗಿಂಗ್. ಅನೇಕ ಕಂಪನಿಗಳ ನಿಯಮ ಅದನ್ನು ಒಪ್ಪುವುದಿಲ್ಲ. ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಆಫ್ ಮಾಡಿಸಿದೆ. ಮ್ಯಾನೇಜ್‌ಮೆಂಟ್ ಆಪ್‌ನಲ್ಲಿ ಮತ್ತೆ ಪರೀಕ್ಷಿಸು ಅನ್ನುವ ಗುಂಡಿ ಒತ್ತಿದಳು, ಎಚ್ಚರಿಕೆ ಹೋಯಿತು.